ಒಂದೇ ಅಂಕಿ ತಪ್ಪಿದರೆ ಫಲಿತಾಂಶ ತಲೆಕೆಳಗಾಗುವುದು ಹೇಗೆ?

ಪ್ರಶ್ನೆ: ನಾನೊಂದು ಸಣ್ಣಕಥೆ ಬರೆಯುತ್ತಿದ್ದೇನೆ. ಹಳೆಯ ಮುದ್ರಿತ ವರದಿಯೊಂದರ ಕೋಷ್ಟಕವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿರುತ್ತಾರೆ. ಅದರಲ್ಲಿ ಒಂದೇ ಒಂದು ಅಂಕಿ ತಪ್ಪಾಗಿರುವುದನ್ನು ಒಬ್ಬ ವಿದ್ಯಾರ್ಥಿನಿ ಕಂಡುಹಿಡಿಯುತ್ತಾಳೆ, ಸಂಶೋಧನೆಯ ಫಲಿತಾಂಶವೇ ಬದಲಾಗುತ್ತದೆ. ಕರಡಿನಲ್ಲಿ 45.4 ಅನ್ನುವುದು 95.4 ಆಗಿದೆ ಎಂದು ಬರೆದಿದ್ದೇನೆ. ಇದು ನಿಜಕ್ಕೂ ಆಗುವಂಥದ್ದೇ? ಅವಳಿಗೆ ಅದು ಹೇಗೆ ಸಿಗಬಹುದು? ವಿಷಯ ಗೊತ್ತಿದ್ದವರು ಓದಿ "ಹೀಗೆಲ್ಲ ಆಗಲ್ಲ" ಅನ್ನಬಾರದು.

ಉತ್ತರ: ಆಗುತ್ತದೆ. ಆದರೆ ನೀವು ಆರಿಸಿಕೊಂಡ ತಪ್ಪಿನಿಂದ ಆಗುವುದಿಲ್ಲ. 45.4 ಹೋಗಿ 95.4 ಆದರೆ ಮೊದಲನೆಯದಾಗಿ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಉಳಿದವೆಲ್ಲ ನಲವತ್ತರ ಆಸುಪಾಸಿನಲ್ಲಿದ್ದರೆ, ಗ್ರಾಫ್ ಹಾಕಿದ ಕೂಡಲೇ ಆ ಚುಕ್ಕೆ ಒಂಟಿಯಾಗಿ ಆಕಾಶದಲ್ಲಿ ನಿಂತಿರುತ್ತದೆ. ಎರಡನೆಯ ಕಾರಣ ಕಥೆಗಾರರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ: ಅಷ್ಟು ದೊಡ್ಡ ತಪ್ಪು ಸುಳ್ಳು ಫಲಿತಾಂಶವನ್ನು ಹುಟ್ಟಿಸುವ ಬದಲು ಇರುವ ಫಲಿತಾಂಶವನ್ನೂ ಮಸುಕು ಮಾಡಿಬಿಡುತ್ತದೆ. ನಿಮ್ಮ ಕಥೆಗೆ ಬೇಕಾಗಿರುವುದು ಸಣ್ಣ ತಪ್ಪು, ನೋಡಿದರೆ ಸಹಜವಾಗಿ ಕಾಣುವ ತಪ್ಪು.

ಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕ ಮಾಡಿ ತೋರಿಸುವುದು ಮೇಲು. ಕೆಳಗಿನ ಕೋಷ್ಟಕ ನಿಮ್ಮ ಕಥೆಗೆಂದೇ ಕಟ್ಟಿದ್ದು, ಬೇಕಾದರೆ ಹಾಗೇ ಬಳಸಿಕೊಳ್ಳಿ. ಸಸಿಗಳ ಎಂಟು ಜೋಡಿ ತಟ್ಟೆಗಳಿವೆ ಅಂದುಕೊಳ್ಳಿ. ಪ್ರತಿ ಜೋಡಿಯಲ್ಲೂ ಒಂದು ತಟ್ಟೆಗೆ ಮಾಮೂಲಿ ಮಣ್ಣು, ಇನ್ನೊಂದಕ್ಕೆ ಏನೋ ಬೆರೆಸಿದ ಮಣ್ಣು. ಕೊನೆಯಲ್ಲಿ ಸಸಿಗಳನ್ನು ಒಣಗಿಸಿ ತೂಗಿದ್ದಾರೆ. ತೂಕ ಗ್ರಾಂಗಳಲ್ಲಿದೆ, ಕಾಗದದ ಮೇಲೆ ಹೀಗೆ ಅಚ್ಚಾಗಿದೆ:

| ಜೋಡಿ | ಮಾಮೂಲಿ ಮಣ್ಣು | ಬೆರೆಸಿದ ಮಣ್ಣು | ವ್ಯತ್ಯಾಸ |
|---|---|---|---|
| 1 | 41.2 | 43.3 | 2.1 |
| 2 | 44.7 | 45.6 | 0.9 |
| 3 | 39.8 | 42.8 | 3.0 |
| 4 | 46.1 | 47.5 | 1.4 |
| 5 | 48.6 | 45.4 | −3.2 |
| 6 | 40.5 | 43.1 | 2.6 |
| 7 | 42.9 | 43.3 | 0.4 |
| 8 | 43.0 | 44.6 | 1.6 |
| ಸರಾಸರಿ | 43.35 | 44.45 | |

ವ್ಯತ್ಯಾಸದ ಕಾಲಂ ಓದುಗರ ಅನುಕೂಲಕ್ಕೆ ನಾನು ಸೇರಿಸಿದ್ದು. ಹಳೆಯ ವರದಿಯಲ್ಲಿ ಅದು ಇಲ್ಲದಿದ್ದರೇ ಕಥೆಗೆ ಒಳ್ಳೆಯದು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಈಗ ಐದನೇ ಜೋಡಿಯ 48.6 ಮಾತ್ರ 43.6 ಎಂದು ಓದಲ್ಪಟ್ಟಿದೆ ಅನ್ನಿ. ಎಂಟು ಹೋಗಿ ಮೂರು ಬಂದಿದೆ, ಬೇರೇನೂ ಬದಲಾಗಿಲ್ಲ. ಆ ಕಾಲಮ್ಮಿನಲ್ಲಿ 39ರಿಂದ 46ರವರೆಗೆ ಸಂಖ್ಯೆಗಳಿವೆ, 43.6 ಅಲ್ಲಿ ಆರಾಮಾಗಿ ಕೂತುಬಿಡುತ್ತದೆ. ನಿಜ ಹೇಳಬೇಕೆಂದರೆ 48.6ಕ್ಕಿಂತ ಅದೇ ಹೆಚ್ಚು ಸಹಜವಾಗಿ ಕಾಣುತ್ತದೆ.

ಜೋಡಿ ಮಾದರಿಗಳಲ್ಲಿ ಸಾಮಾನ್ಯವಾಗಿ ಬಳಸುವ ಟಿ ಪರೀಕ್ಷೆ ಕೇಳುವುದು ಇಷ್ಟೇ: ವ್ಯತ್ಯಾಸಗಳ ಸರಾಸರಿ ಎಷ್ಟು, ಆ ವ್ಯತ್ಯಾಸಗಳು ತಮ್ಮತಮ್ಮಲ್ಲಿ ಎಷ್ಟು ಚದುರಿವೆ. ಸರಾಸರಿಯನ್ನು, ಚದುರುವಿಕೆಯಿಂದ ಬರುವ ಅನಿಶ್ಚಿತತೆಯಿಂದ ಭಾಗಿಸಿದರೆ ಟಿ ಮೌಲ್ಯ. ಎಂಟು ಜೋಡಿಗಳಿದ್ದಾಗ ಅದು 2.365 ದಾಟಿದರೆ ಶೇ. 5ರ ಮಟ್ಟದಲ್ಲಿ "ಪರಿಣಾಮ ಇದೆ" ಅನ್ನುತ್ತಾರೆ.

ಸರಿಯಾದ ಕೋಷ್ಟಕದಲ್ಲಿ ವ್ಯತ್ಯಾಸಗಳ ಸರಾಸರಿ 1.1 ಗ್ರಾಂ, ಚದುರುವಿಕೆಯ ಅಳತೆಯಾದ ಮಾನಕ ವಿಚಲನೆ 1.94. ಅದನ್ನು 8ರ ವರ್ಗಮೂಲದಿಂದ ಭಾಗಿಸಿದರೆ ಬರುವ ಅನಿಶ್ಚಿತತೆ 0.684. ಟಿ ಮೌಲ್ಯ 1.1 ಭಾಗ 0.684, ಅಂದರೆ 1.61. ಪಿ ಮೌಲ್ಯ, ಅಂದರೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ, ಸುಮಾರು 0.15. ಇದನ್ನಿಟ್ಟುಕೊಂಡು ಯಾರೂ "ಬೆರೆಸಿದ ಮಣ್ಣು ಕೆಲಸ ಮಾಡಿತು" ಎಂದು ಬರೆಯಲಾರರು.

ತಪ್ಪು ಅಂಕಿ ಕೂತ ಕೋಷ್ಟಕದಲ್ಲಿ ಐದನೇ ವ್ಯತ್ಯಾಸ −3.2 ಇದ್ದದ್ದು +1.8 ಆಗುತ್ತದೆ. ಸರಾಸರಿ 1.725ಕ್ಕೆ ಏರುತ್ತದೆ, ಮಾನಕ ವಿಚಲನೆ 0.85ಕ್ಕೆ ಕುಸಿಯುತ್ತದೆ. ಟಿ ಮೌಲ್ಯ 5.72. ಪಿ ಮೌಲ್ಯ 0.001ಕ್ಕಿಂತ ಕಡಿಮೆ. ಎಂಟಕ್ಕೆ ಎಂಟೂ ಜೋಡಿಗಳಲ್ಲಿ ಬೆರೆಸಿದ ಮಣ್ಣೇ ಗೆದ್ದಿದೆ. ಇಂಥ ಕೋಷ್ಟಕ ಸಿಕ್ಕರೆ ಯಾವ ಸಂಶೋಧಕನಿಗೂ ಖುಷಿಯಾಗುತ್ತದೆ, ಅನುಮಾನ ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು, ಸರಾಸರಿ ಏರಿದ್ದು ಒಂದೂವರೆ ಪಟ್ಟು ಮಾತ್ರ. ಆದರೆ ಚದುರುವಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಗುಂಪಿನಲ್ಲಿ ಒಂದೇ ಒಂದು ಭಿನ್ನ ದನಿ ಇತ್ತು, ಅದು ಉಳಿದವುಗಳ ಜೊತೆ ಸೇರಿಕೊಂಡಿತು. ಸುಳ್ಳು ಫಲಿತಾಂಶದ ಬಹುಪಾಲು ಶಕ್ತಿ ಬಂದದ್ದು ಆ ಒಮ್ಮತದಿಂದ.

ನಿಮ್ಮ 95.4ನ್ನೂ ಇದೇ ಕೋಷ್ಟಕದಲ್ಲಿ ಇಟ್ಟು ನೋಡೋಣ, ಐದನೇ ಜೋಡಿಯ ಬೆರೆಸಿದ ಮಣ್ಣು 45.4 ತಾನೆ. ವ್ಯತ್ಯಾಸ 46.8 ಆಗುತ್ತದೆ. ಸರಾಸರಿ 7.35ಕ್ಕೆ ಹಾರುತ್ತದೆ, ಆದರೆ ಮಾನಕ ವಿಚಲನೆಯೂ ಸುಮಾರು 16ಕ್ಕೆ ಹಾರುತ್ತದೆ. ಟಿ ಮೌಲ್ಯ 1.30, ಅಂದರೆ ಸರಿಯಾದ ಕೋಷ್ಟಕಕ್ಕಿಂತಲೂ ಕಡಿಮೆ. ಒಂದೇ ಸಂಖ್ಯೆಯನ್ನು ಹೀಗೆ ಎಳೆಯುತ್ತ ಹೋದರೆ ಟಿ ಮೌಲ್ಯ ಕೊನೆಗೆ 1ರ ಹತ್ತಿರ ಬಂದು ನಿಂತುಬಿಡುತ್ತದೆ. ಎಷ್ಟು ದೊಡ್ಡ ತಪ್ಪು ಮಾಡಿದರೂ ಅದರಿಂದ "ಪರಿಣಾಮ ಇದೆ" ಎಂದು ಹೇಳಿಸಲಾಗುವುದಿಲ್ಲ. ಆದ್ದರಿಂದ ತಪ್ಪನ್ನು ಹತ್ತರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ತನ್ನಿ. ಜೋಡಿಗಳ ಸಂಖ್ಯೆಯನ್ನೂ ಕಡಿಮೆಯೇ ಇಡಿ. ಎಂಬತ್ತು ಜೋಡಿಗಳಿದ್ದರೆ ಇದೇ 5 ಗ್ರಾಂ ತಪ್ಪು ಸರಾಸರಿಯನ್ನು 0.06ರಷ್ಟು ಅಲುಗಿಸಿ ಸುಮ್ಮನಾಗುತ್ತದೆ.

ಎಂಟು ಮೂರಾಗುವುದು ಹೇಗೆ ಅನ್ನುವುದು ಕಥೆಯಲ್ಲಿ ಎರಡು ಸಾಲು ಬಂದರೆ ಸಾಕು, ಆದರೆ ಆ ಎರಡು ಸಾಲು ಸರಿಯಾಗಿರಬೇಕು. 8 ಮತ್ತು 3ರ ನಡುವಿನ ವ್ಯತ್ಯಾಸ ಇರುವುದು ಎಡಬದಿಯ ಎರಡು ಸಣ್ಣ ಕಮಾನುಗಳಲ್ಲಿ ಮಾತ್ರ. ಕೋಷ್ಟಕಗಳನ್ನು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. 8 ಪಾಯಿಂಟ್ ಅಕ್ಷರವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಅಂಕಿಗೆ ಸಿಗುವ ಎತ್ತರ ಇಪ್ಪತ್ತಮೂರು ಪಿಕ್ಸೆಲ್ ಆಸುಪಾಸು, 150 ಡಿಪಿಐ ಆದರೆ ಹನ್ನೆರಡೇ. ಆ ಕಮಾನಿನ ಗೆರೆ ಒಂದೆರಡು ಪಿಕ್ಸೆಲ್ ದಪ್ಪವಷ್ಟೆ. ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯ ಮಾಡುವ ಓಸಿಆರ್ ತಂತ್ರಾಂಶ, ಅಕ್ಷರ ಗುರುತಿಸುವ ಮೊದಲು ಸಾಮಾನ್ಯವಾಗಿ ಬೂದು ಬಣ್ಣದ ಚಿತ್ರವನ್ನು ಪೂರ್ತಿ ಕಪ್ಪು ಬಿಳುಪು ಮಾಡಿಕೊಳ್ಳುತ್ತದೆ. ಒಂದು ಮಿತಿಗಿಂತ ತಿಳಿಯಾದದ್ದೆಲ್ಲ ಬಿಳಿ. ಎಡಬದಿಯಲ್ಲಿ ಶಾಯಿ ಸ್ವಲ್ಪ ತೆಳುವಾಗಿ ಬಿದ್ದಿದ್ದ ಎಂಟು ಅಲ್ಲೇ ಮೂರಾಗಿಬಿಡುತ್ತದೆ.

ಪದಗಳಲ್ಲಾದರೆ ಇಂಥ ತಪ್ಪನ್ನು ನಿಘಂಟು ತಿದ್ದುತ್ತದೆ. ಸಂಖ್ಯೆಗೆ ನಿಘಂಟಿಲ್ಲ, 43.6 ಮತ್ತು 48.6 ಎರಡೂ "ಸರಿಯಾದ" ಸಂಖ್ಯೆಗಳೇ. ತಂತ್ರಾಂಶ ಕೊಡುವ ವಿಶ್ವಾಸಾಂಕವನ್ನೂ ಹೆಚ್ಚು ನಂಬುವಂತಿಲ್ಲ. ಅಂಚು ಸ್ಪಷ್ಟವಾಗಿ ಅಳಿಸಿಹೋಗಿದ್ದರೆ ಅದು ಪೂರ್ತಿ ವಿಶ್ವಾಸದಿಂದಲೇ ಮೂರು ಅನ್ನುತ್ತದೆ. (ವರದಿ ಕನ್ನಡ ಅಂಕಿಗಳಲ್ಲಿದೆ ಎಂದು ಬರೆಯುವ ಆಸೆಯಾದರೆ ಎಚ್ಚರ. ಅಲ್ಲಿ ದೊಡ್ಡ ತೊಡಕು ಸೊನ್ನೆಯದು, ೦ ಮತ್ತು ಅನುಸ್ವಾರ ನೋಡಲು ಒಂದೇ. ಆದರೆ ಅನುಸ್ವಾರ ಬಂದು ಕೂತರೆ ಆ ಕೋಶ ಸಂಖ್ಯೆಯಾಗಿಯೇ ಉಳಿಯುವುದಿಲ್ಲ, ಲೆಕ್ಕ ಅಲ್ಲೇ ಮುಗ್ಗರಿಸುತ್ತದೆ. ನಿಮಗೆ ಬೇಕಾಗಿರುವುದು ಮುಗ್ಗರಿಸದ ತಪ್ಪು.)

ಇನ್ನು ಅವಳಿಗೆ ಇದು ಸಿಗುವ ಬಗೆ. ದಯವಿಟ್ಟು "ಆ ಸಂಖ್ಯೆ ನೋಡಿದೊಡನೆ ಅವಳಿಗೆ ಏನೋ ಸಂಶಯ ಬಂತು" ಎಂದು ಬರೆಯಬೇಡಿ. 43.6 ನೋಡಿ ಯಾರಿಗೂ ಸಂಶಯ ಬರುವುದಿಲ್ಲ. ಇಂಥ ತಪ್ಪುಗಳು ಸಿಗುವುದು ಬೇರೇನೋ ಮಾಡುವಾಗ, ಎರಡು ಸಂಖ್ಯೆಗಳು ತಾಳೆಯಾಗದೆ ಕಿರಿಕಿರಿಯಾದಾಗ. 2013ರ ಪ್ರಸಿದ್ಧ ಉದಾಹರಣೆ ನೆನಪಿಸಿಕೊಳ್ಳಿ. ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ ದೇಶಗಳ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಬಗ್ಗೆ 2010ರಲ್ಲಿ ಪ್ರಕಟಿಸಿದ್ದ ಪ್ರಬಂಧದ ಲೆಕ್ಕವನ್ನು ತರಗತಿಯ ಅಭ್ಯಾಸಕ್ಕೆಂದು ಮತ್ತೆ ಮಾಡಿ ನೋಡಿದವನು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ಉತ್ತರ ತಾಳೆಯಾಗಲಿಲ್ಲ. ಮೂಲ ಲೇಖಕರನ್ನೇ ಕೇಳಿ ಸ್ಪ್ರೆಡ್‌ಶೀಟ್ ತರಿಸಿಕೊಂಡ. ಸರಾಸರಿ ತೆಗೆಯುವ ಸೂತ್ರ 49ನೇ ಸಾಲಿನವರೆಗೆ ಹೋಗಬೇಕಾದದ್ದು 44ಕ್ಕೇ ನಿಂತು ಐದು ದೇಶಗಳು ಹೊರಗುಳಿದಿದ್ದವು. ಅದು ಅಂಕಿ ತಪ್ಪಾಗಿ ಓದಿದ ಪ್ರಕರಣವಲ್ಲ, ಅಲ್ಲಿ ವಾದವಿದ್ದ ಬೇರೆ ಅಂಶಗಳೂ ಇದ್ದವು. ನಿಮಗೆ ಅದರಿಂದ ಬೇಕಾದದ್ದು ನಡೆದ ಕ್ರಮ ಮಾತ್ರ: ಅವನು ತಪ್ಪು ಹುಡುಕಲು ಹೊರಟಿರಲಿಲ್ಲ, ಅದೇ ಉತ್ತರ ಬರಬೇಕೆಂದು ಹೊರಟಿದ್ದ.

ನಿಮ್ಮ ವಿದ್ಯಾರ್ಥಿನಿಯೂ ಹಾಗೇ ಶುರುಮಾಡಲಿ. ತನ್ನ ಪ್ರಬಂಧದ ಪೀಠಿಕೆಗೆ ಹಳೆಯ ವರದಿಯಿಂದ ಎರಡು ಸರಾಸರಿಗಳನ್ನು ಉದ್ಧರಿಸಬೇಕಾಗಿದೆ. ವರದಿಯಲ್ಲಿ ಮಾಮೂಲಿ ಮಣ್ಣಿನ ಸರಾಸರಿ 43.35 ಎಂದಿದೆ. ಆ ಕೋಷ್ಟಕವನ್ನು ಅವಳ ಸಂಶೋಧನಾ ತಂಡ ಇಳಿಸಿಕೊಂಡಿರುವ ಫೈಲಿನಿಂದ ಅವಳು ತೆಗೆದದ್ದು 42.725. ಬೆರೆಸಿದ ಮಣ್ಣಿನದು ಮಾತ್ರ 44.45, ಎರಡೂ ಕಡೆ ಒಂದೇ.

ತಂಡದ ಹಿರಿಯರು ಇದನ್ನು ಯಾಕೆ ನೋಡಲಿಲ್ಲ ಅನ್ನುವ ಪ್ರಶ್ನೆಗೆ ನಂಬುವಂಥ ಉತ್ತರ ಬೇಕು. ಅವರನ್ನು ಸೋಮಾರಿಗಳನ್ನಾಗಿಯೋ ಮೋಸಗಾರರನ್ನಾಗಿಯೋ ಮಾಡಬೇಕಿಲ್ಲ. ಸರಾಸರಿಯ ಸಾಲು ದತ್ತಾಂಶವಲ್ಲ. ವಿಶ್ಲೇಷಣೆಗೆ ಮೊದಲು ಅದನ್ನು ತೆಗೆದುಹಾಕುವುದು ಸರಿಯಾದ ಕ್ರಮವೇ. ಪೈಥಾನ್ ಭಾಷೆಯಲ್ಲಿ ಅದನ್ನು ಮಾಡುವುದು ಇಷ್ಟುದ್ದದ ಒಂದು ಸಾಲು:

```python
d = pd.read_csv("table4.csv").iloc[:-1]
```

ಕೊನೆಯ ಆ `[:-1]` ಅಂದರೆ "ಕಡೆಯ ಸಾಲು ಬಿಟ್ಟು ಉಳಿದದ್ದೆಲ್ಲ". ತಪ್ಪನ್ನು ಹಿಡಿದುಕೊಡಬಲ್ಲ ಒಂದೇ ಸಾಕ್ಷಿ ಆ ಸಾಲಿನಲ್ಲಿತ್ತು, ಫೈಲ್ ತೆರೆದ ಕ್ಷಣದಲ್ಲೇ ಅದು ಹೊರಗೆ ಹೋಯಿತು. ಎಸೆಯುವ ಮೊದಲು ಒಮ್ಮೆ ತಾಳೆ ನೋಡಿದ್ದರೆ ಸಾಕಿತ್ತು. ಅವಳು ಮಾಡುವುದು ಅದನ್ನೇ, ಫೈಲಿನಲ್ಲಿ ಮಾಮೂಲಿ ಮಣ್ಣಿನ ಕಾಲಮ್ಮಿನ ಹೆಸರು `control`:

```python
import pandas as pd
raw = pd.read_csv("table4.csv")
d = raw.iloc[:-1]
print(round(d["control"].mean(), 3), raw["control"].iloc[-1])
```

ಪರದೆಯ ಮೇಲೆ ಬರುವುದು:

```
42.725 43.35
```

ಹಳೆಯ ವರದಿಯಲ್ಲಿ ವ್ಯತ್ಯಾಸದ ಕಾಲಂ ಇರದಿದ್ದರೆ ಒಳ್ಳೆಯದು ಅಂದದ್ದು ಇದಕ್ಕೇ. ಇದ್ದಿದ್ದರೆ −3.2 ಎಂಬ ಋಣ ಚಿಹ್ನೆ ಮೊದಲ ದಿನವೇ ಬಯಲುಮಾಡುತ್ತಿತ್ತು.

ಇಲ್ಲಿಂದ ಮುಂದಿನದು ಪತ್ತೇದಾರಿ. ಇದನ್ನು ಕಥೆಯಲ್ಲಿ ನಿಧಾನವಾಗಿ ಬರೆಯಬಹುದು, ಪೆನ್ಸಿಲ್ಲು ಕಾಗದ ಇದ್ದರೆ ಸಾಕು. ಎರಡು ಸರಾಸರಿಗಳ ಅಂತರ 0.625. ಅದನ್ನು ಎಂಟು ಸಾಲುಗಳಿಂದ ಗುಣಿಸುತ್ತಾಳೆ: 5.0. ಸರಿಯಾಗಿ ಐದು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ದಶಾಂಶ ಬಿಂದುವಿನ ಜಾಗ ತಪ್ಪಿದ್ದರೆ ಇಷ್ಟು ದುಂಡಾದ ಸಂಖ್ಯೆ ಬರುತ್ತಿರಲಿಲ್ಲ. ಒಂದು ಸಾಲೇ ಬಿಟ್ಟುಹೋಗಿದ್ದರೆ ಏಳೇ ಸಾಲುಗಳಿರುತ್ತಿದ್ದವು. ಕೈಯಲ್ಲಿ ಟೈಪ್ ಮಾಡುವಾಗ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿದ್ದರೆ, ಉದಾಹರಣೆಗೆ 48.6 ಹೋಗಿ 46.8 ಆಗಿದ್ದರೆ, ದಶಾಂಶ ಬಿಂದುವನ್ನು ಮರೆತು ನೋಡಿದಾಗ ಅಂತರ 9ರಿಂದ ಭಾಗವಾಗಬೇಕಿತ್ತು. ಲೆಕ್ಕಪತ್ರ ಬರೆಯುವವರಿಗೆ ಇದು ಹಳೆಯ ಗುಟ್ಟು. 50, 9ರಿಂದ ಭಾಗವಾಗುವುದಿಲ್ಲ. ಹಾಗಾದರೆ ಬಿಡಿ ಸ್ಥಾನದ ಒಂದು ಅಂಕಿ ಐದು ಕಡಿಮೆಯಾಗಿ ಓದಲ್ಪಟ್ಟಿದೆ.

ಐದು ಕಡಿಮೆಯಾಗಬಲ್ಲ ಜೋಡಿಗಳು ಐದೇ: 5 ಹೋಗಿ 0, 6 ಹೋಗಿ 1, 7 ಹೋಗಿ 2, 8 ಹೋಗಿ 3, 9 ಹೋಗಿ 4. ಇವುಗಳಲ್ಲಿ ಆಕಾರ ನೋಡಿ ಯಂತ್ರ ಸುಲಭವಾಗಿ ಎಡವುವುದು ಕೊನೆಯ ಎರಡರಲ್ಲಿ. ಈಗ ಫೈಲಿನ ಕಾಲಂ ನೋಡಿ. ಬಿಡಿ ಸ್ಥಾನದಲ್ಲಿ 3 ಇರುವುದು ಐದನೇ ಸಾಲು (43.6) ಮತ್ತು ಎಂಟನೇ ಸಾಲು (43.0). 4 ಇರುವುದು ಎರಡನೇ ಸಾಲು (44.7). ಮೂರೇ ಮೂರು ಕೋಶ. ಮೂರನೇ ಮತ್ತು ನಾಲ್ಕನೇ ಸಾಲುಗಳು ಲೆಕ್ಕದಿಂದಲೇ ಹೊರಗೆ: ಅಲ್ಲಿ ಬಿಡಿ ಸ್ಥಾನದಲ್ಲಿ 9 ಮತ್ತು 6 ಇವೆ, ಐದು ಕೂಡಿಸಲು ಜಾಗವೇ ಇಲ್ಲ.

ಈ ಉಪಾಯಕ್ಕೂ ಮಿತಿ ಇದೆ. ವರದಿಯಲ್ಲಿ ಸರಾಸರಿಯನ್ನು ಒಂದೇ ದಶಾಂಶಕ್ಕೆ ದುಂಡಗೆ ಮಾಡಿ 43.4 ಎಂದು ಕೊಟ್ಟಿದ್ದರೆ, ದುಂಡಗೆ ಮಾಡಿದ್ದರಿಂದಲೇ 0.05ರಷ್ಟು ಹಿಂದೆಮುಂದೆ ಆಗುತ್ತದೆ. ಎಂಟರಿಂದ ಗುಣಿಸಿದರೆ 0.4. ಆಗ ಅವಳಿಗೆ ಸಿಗುವುದು "5.0ರಿಂದ 5.8ರ ನಡುವೆ ಎಲ್ಲೋ" ಎಂಬ ಉತ್ತರ. ಎಂಟು ಸಾಲಿಗೆ ಅದೂ ಸಾಕು. ಸಾಲುಗಳು ಎಂಬತ್ತಿದ್ದರೆ ಅನಿಶ್ಚಿತತೆ 4ಕ್ಕೆ ಏರುತ್ತದೆ, ಉಪಾಯ ಕೈಕೊಡುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿಬಿಟ್ಟಿದ್ದರೂ ಅಷ್ಟೇ, ಸರಾಸರಿ ಏನನ್ನೂ ಹೇಳುವುದಿಲ್ಲ.

ಮೂರು ಕೋಶ ನೋಡಲು ಅವಳು ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆಯುತ್ತಾಳೆ. ಕಥೆಯ ಅತ್ಯಂತ ಒಳ್ಳೆಯ ಕ್ಷಣ ಇಲ್ಲಿದೆ, ಬಿಡಬೇಡಿ. ಓಸಿಆರ್ ಆದ ಪಿಡಿಎಫ್‌ನಲ್ಲಿ ಎರಡು ಪದರಗಳಿರುತ್ತವೆ. ಕಣ್ಣಿಗೆ ಕಾಣುವುದು ಪುಟದ ಚಿತ್ರ. ಅದರ ಹಿಂದೆ ಯಂತ್ರ ಓದಿಕೊಂಡ ಪಠ್ಯ ಕಾಣದಂತೆ ಕೂತಿರುತ್ತದೆ. ಮೌಸ್ ಎಳೆದು ಆರಿಸಿ ನಕಲು ಮಾಡಿದಾಗ ಬರುವುದು ಈ ಹಿಂದಿನ ಪಠ್ಯ. ಐದನೇ ಸಾಲನ್ನು ಅವಳು ದೊಡ್ಡದು ಮಾಡಿ ನೋಡುತ್ತಾಳೆ: ಎಡಗಡೆ ಸ್ವಲ್ಪ ಸವೆದಿದೆ, ಆದರೂ 48.6 ಎಂದು ಓದಬಹುದು. ಅದೇ ಸಂಖ್ಯೆಯ ಮೇಲೆ ಮೌಸ್ ಎಳೆಯುತ್ತಾಳೆ, ನೀಲಿಯಾಗುತ್ತದೆ. ನಕಲು ಮಾಡಿ ಖಾಲಿ ಫೈಲಿಗೆ ಅಂಟಿಸುತ್ತಾಳೆ. 43.6. ಮತ್ತೊಮ್ಮೆ ಮಾಡುತ್ತಾಳೆ. 43.6. ಕಣ್ಣಿಗೆ ಒಂದು, ಕೈಗೆ ಇನ್ನೊಂದು. ತಂಡದವರು ಪಿಡಿಎಫ್ ಎಷ್ಟು ಸಲ ತೆರೆದು ನೋಡಿದ್ದರೂ ಪ್ರಯೋಜನವಾಗದೆ ಇದ್ದದ್ದು ಇದಕ್ಕೇ. ನೋಡಿದ್ದು ಚಿತ್ರವನ್ನು, ಲೆಕ್ಕಕ್ಕೆ ಹೋದದ್ದು ಹಿಂದಿನ ಪದರ.

ನಿಮಗೆ ಇನ್ನೊಂದು ಸುತ್ತು ಬೇಕಾದರೆ ಚಿತ್ರವೂ ಸುಳ್ಳು ಹೇಳಬಲ್ಲದು. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಬಯಲಿಗೆ ತಂದದ್ದು ಇದನ್ನೇ. ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂದೇ ಬಂದಿತ್ತು. ಅಲ್ಲಿ ಓಸಿಆರ್ ಇರಲೇ ಇಲ್ಲ. ಫೈಲಿನ ಗಾತ್ರ ಇಳಿಸಲು ಬಳಸುವ ಜೆಬಿಗ್-2 ಎಂಬ ವಿಧಾನ, ಪುಟದಲ್ಲಿ ಒಂದೇ ಥರ ಕಾಣುವ ತುಣುಕುಗಳನ್ನು ಗುಂಪು ಮಾಡಿ ಎಲ್ಲದರ ಜಾಗದಲ್ಲೂ ಒಂದೇ ತುಣುಕನ್ನು ಇಡುತ್ತದೆ. ಹೋಲಿಕೆಯ ಅಳತೆ ಸಡಿಲವಾದರೆ 6ರ ಜಾಗಕ್ಕೆ ಪುಟದ ಬೇರೆಲ್ಲಿಂದಲೋ ಒಂದು 8 ಬಂದು ಕೂರುತ್ತದೆ. ಅದು ಮಸುಕಾಗಿಯೂ ಇರುವುದಿಲ್ಲ, ಸೊಗಸಾಗಿ, ಸ್ಪಷ್ಟವಾಗಿ ಅಚ್ಚಾದ 8. ಈ ದಾರಿ ಹಿಡಿದರೆ ನಿಮ್ಮ ವಿದ್ಯಾರ್ಥಿನಿ ಪಿಡಿಎಫ್ ನೋಡಿ ಸೋಲಬೇಕು, ಕೊನೆಗೆ ಕಾಗದದ ಪ್ರತಿಯನ್ನೇ ಹುಡುಕಿಕೊಂಡು ಹೋಗಬೇಕು. ಎರಡನ್ನೂ ಒಂದೇ ಕಥೆಯಲ್ಲಿ ತುಂಬಬೇಡಿ. ನನ್ನ ಮಟ್ಟಿಗೆ ಎರಡು ಪದರದ ದೃಶ್ಯವೇ ಹೆಚ್ಚು ಕಾಡುತ್ತದೆ, ಅದಕ್ಕೆ ವಿವರಣೆಯೂ ಕಡಿಮೆ ಸಾಕು.

ಯಾವ ದಾರಿಯಾದರೂ ಅವಳು ಕಾಗದ ನೋಡಲೇಬೇಕು. ಸವೆದ ಅಂಕಿಯನ್ನು ಪರದೆಯ ಮೇಲೆ ನೋಡಿ "ಇದು ಎಂಟೇ" ಎಂದು ತೀರ್ಮಾನಿಸುವುದು, ಯಂತ್ರ ಅದನ್ನು ಮೂರು ಅಂದಷ್ಟೇ ದುರ್ಬಲ. ಕಾಗದದ ಮೇಲೆ ಎಂಟು ಇದೆ, ಎಂಟು ಹಾಕಿದರೆ ಸರಾಸರಿ 43.35 ಬರುತ್ತದೆ, ಉಳಿದೆರಡು ಕೋಶಗಳು ಸರಿಯಾಗಿವೆ. ಈ ಮೂರೂ ಕೂಡಿದಾಗ ಅದು ಸಾಬೀತು. ಒಂದು ತಪ್ಪು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವವರು ಬಹಳ ಜನ. ಅವಳು ಹದಿನಾರೂ ಕೋಶಗಳನ್ನು ನೋಡಲಿ. ಗೆಳತಿಯೊಬ್ಬಳು ಕಾಗದ ನೋಡಿ "ನಾಲ್ಕು, ಎಂಟು, ಪಾಯಿಂಟ್, ಆರು" ಎಂದು ಒಂದೊಂದೇ ಅಂಕಿ ಹೇಳುವುದು, ಇವಳು ಪರದೆ ನೋಡುವುದು. "ನಲವತ್ತೆಂಟು ಪಾಯಿಂಟ್ ಆರು" ಎಂದು ಒಟ್ಟಾಗಿ ಹೇಳಿದರೆ ಕಿವಿ ತಾನೇ ತಿದ್ದಿಕೊಂಡುಬಿಡುತ್ತದೆ. ಮೂಲ ಸಿಎಸ್‌ವಿ ಫೈಲನ್ನು ಅವಳು ಮುಟ್ಟಬಾರದು. ತಿದ್ದಿದ್ದು ಬೇರೆ ಫೈಲಿನಲ್ಲಿ, ಜೊತೆಗೆ ಒಂದು ಸಾಲಿನ ಟಿಪ್ಪಣಿ: ಯಾವ ಕೋಶ, ಮೊದಲು ಏನಿತ್ತು, ಈಗ ಏನು, ಆಧಾರ ಯಾವ ಪುಟ. ಹಳೆಯ ಫೈಲ್ ಹಾಗೇ ಇದ್ದರೆ ತಾನೇ 5.72 ಎಲ್ಲಿಂದ ಬಂತೆಂದು ಮತ್ತೆ ತೋರಿಸಲು ಸಾಧ್ಯ.

ಗೈಡ್ ಮುಂದೆ ಹೋಗುವ ದೃಶ್ಯದಲ್ಲಿ ದೊಡ್ಡ ಮಾತು ಬೇಡ. "ಮೇಡಂ, ಐದನೇ ಜೋಡಿ ಒಂದ್ಸಲ ನೋಡ್ತೀರಾ? ಪುಸ್ತಕದಲ್ಲಿ ನಲವತ್ತೆಂಟಿದೆ, ನಮ್ಮ ಫೈಲಲ್ಲಿ ನಲವತ್ಮೂರು" ಎಂದರೆ ಸಾಕು. ಕೈಯಲ್ಲಿ ಇರಬೇಕಾದದ್ದು ಪುಟದ ಫೋಟೊ, ಎರಡು ಸರಾಸರಿ, ಎರಡು ಟಿ ಮೌಲ್ಯ. ಒಳ್ಳೆಯ ಗೈಡ್ ಮೊದಲು ಕೇಳುವುದು "ಉಳಿದದ್ದೆಲ್ಲ ನೋಡಿದ್ಯಾ?" ಎಂದೇ.

ಕಥೆಯ ನಿಜವಾದ ಗಂಟು ಇರುವುದು ಅದರ ನಂತರ, ನಿಮ್ಮ ಕರಡಿನಲ್ಲಿ ಬಹುಶಃ ಅದು ಇಲ್ಲ. ಅಂಕಿ ತಿದ್ದಿದ ಮೇಲೆ ಐದನೇ ಜೋಡಿ ಒಂದೇ ಒಂದು ಉಲ್ಟಾ ಜೋಡಿಯಾಗಿ ಎದ್ದು ಕಾಣುತ್ತದೆ. ತಂಡದಲ್ಲಿ ಯಾರಾದರೊಬ್ಬರು, ಕೆಟ್ಟ ಉದ್ದೇಶವೇನೂ ಇಲ್ಲದೆ, ಹೇಳೇ ಹೇಳುತ್ತಾರೆ: "ಆ ಜೋಡಿ ಏನೋ ವಿಚಿತ್ರವಾಗಿದೆ, ಬಿಟ್ಟು ನೋಡು." ಬಿಟ್ಟು ನೋಡಿದರೆ ಏಳು ಜೋಡಿಗಳ ಸರಾಸರಿ ವ್ಯತ್ಯಾಸ 1.71, ಟಿ ಮೌಲ್ಯ 4.93. ಏಳು ಜೋಡಿಗೆ ದಾಟಬೇಕಾದ ಗಡಿ 2.447. ಫಲಿತಾಂಶ ಪೂರ್ತಿ ವಾಪಸ್ ಬಂತು! ತಪ್ಪು ಅಂಕಿ ಮಾಡಿದ್ದ ಕೆಲಸವನ್ನು ಈಗ ಸರಿಯಾದ ಅಂಕಿಯನ್ನು ಹೊರಗಿಟ್ಟು ಮಾಡಿದಂತಾಯಿತು. 43.6 ಎಂದು ಓದಿದಾಗ ಯಂತ್ರಕ್ಕೆ ಗೊತ್ತಿರಲಿಲ್ಲ, ಇವರಿಗೆ ಗೊತ್ತಿದೆ.

ಆ ಜೋಡಿಯನ್ನು ಬಿಡುವುದು ಯಾವಾಗಲೂ ತಪ್ಪೆಂದಲ್ಲ. ತಟ್ಟೆಗೆ ರೋಗ ಬಂದಿತ್ತು, ತೂಗುವಾಗ ಏನೋ ಚೆಲ್ಲಿತ್ತು ಎಂಬಂಥ ಕಾರಣ ಪ್ರಯೋಗ ಮಾಡಿದವರೇ ಆಗಲೇ ಬರೆದಿಟ್ಟಿದ್ದರೆ ಬಿಡಬಹುದು. ಉತ್ತರ ಇಷ್ಟವಾಗಲಿಲ್ಲ ಅನ್ನುವುದು ಕಾರಣವಲ್ಲ. ಅಂಥ ಕಾರಣ ಇರಬಹುದಾದ ಜಾಗ ಒಂದೇ, ಹಳೆಯ ವರದಿಯಲ್ಲಿ ಆ ಕೋಷ್ಟಕದ ಕೆಳಗಿನ ಅಡಿಟಿಪ್ಪಣಿ. ಕೋಷ್ಟಕವನ್ನು ಫೈಲಿಗೆ ಇಳಿಸುವಾಗ ಮೊದಲು ಕಳೆದುಹೋಗುವುದೂ ಅದೇ. ಸಂಖ್ಯೆಯ ಹೆಗಲ ಮೇಲೆ ಕೂತ ಪುಟ್ಟ ನಕ್ಷತ್ರ ಚಿಹ್ನೆಯನ್ನು ಓಸಿಆರ್ ಧೂಳಿನ ಚುಕ್ಕೆ ಎಂದು ಒರೆಸಿಹಾಕಬಹುದು. ಪುಟ್ಟ 1 ಇದ್ದರೆ ಕೆಲವೊಮ್ಮೆ ಸಂಖ್ಯೆಗೇ ಅಂಟಿಸಿ 48.61 ಮಾಡುತ್ತದೆ. ಆದ್ದರಿಂದ ಅವಳು ಕಾಗದದ ಪ್ರತಿ ತೆರೆದಾಗ 48.6ರ ಪಕ್ಕ ಏನಾದರೂ ಇತ್ತೇ ಇಲ್ಲವೇ ಅನ್ನುವುದನ್ನು ಕಥೆ ಬರೆಯಲು ಕೂರುವ ಮೊದಲೇ ನೀವು ತೀರ್ಮಾನಿಸಿಕೊಳ್ಳಿ. ನಕ್ಷತ್ರ ಇದ್ದು, ಕೆಳಗೆ "ಈ ತಟ್ಟೆಯಲ್ಲಿ ಎರಡು ಸಸಿ ಹೆಚ್ಚಾಗಿದ್ದವು" ಎಂದು ಬರೆದಿದ್ದರೆ ಅದು ಒಂದು ಕಥೆ. ಏನೂ ಇಲ್ಲದೆ ಪುಟ ಖಾಲಿಯಾಗಿದ್ದರೆ ಇನ್ನೊಂದು.